ಖಾಲಿ ಕೋಣೆಗೆ ಸುಳ್ಳು ಮಂಚ

ಮಾನ್ಯರೇ,

ಖಾಲಿ ಮನೆಗಳ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಪೀಠೋಪಕರಣ ಜೋಡಿಸಿ ಮಾರಾಟಕ್ಕಿಡುವ ಬಗ್ಗೆ ಭಾನುವಾರ ನಿಮ್ಮಲ್ಲಿ ಬಂದ ವರದಿ ಓದಿದೆ. ಕೊಳ್ಳುವವರ ಕಲ್ಪನೆಗೆ ನೆರವಾಗಲೆಂದು ಹೀಗೆ ಮಾಡುತ್ತೇವೆ ಎಂದು ಮಾರಾಟಗಾರರು ಅದರಲ್ಲಿ ಹೇಳಿಕೊಂಡಿದ್ದಾರೆ. ಆ ನೆರವು ಎಂಥದ್ದೆಂದು ನಿನ್ನೆ ಕಣ್ಣಾರೆ ಕಂಡೆ. ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ದಿನ ರಜೆ ಹಾಕಿ, ಮಂಡಿನೋವಿನ ಅಮ್ಮನನ್ನು ಕರೆದುಕೊಂಡು, ಎರಡು ಬಸ್ ಬದಲಿಸಿ, ಲಿಫ್ಟ್ ಕೆಟ್ಟು ನಿಂತ ಕಟ್ಟಡದಲ್ಲಿ ಮೂರು ಮಹಡಿ ಹತ್ತಿದೆವು. ಅಮ್ಮನಿಗೆಂದು ಮೆಚ್ಚಿಕೊಂಡಿದ್ದ ಮಲಗುವ ಕೋಣೆಯನ್ನು ನೋಡುವುದಕ್ಕಾಗಿ ಇಷ್ಟೆಲ್ಲ. ಚಿತ್ರದಲ್ಲಿ ಜೋಡಿ ಮಂಚ, ಪಕ್ಕದ ಗೋಡೆಗೆ ಕಪಾಟು, ನಡುವೆ ಧಾರಾಳವಾಗಿ ಓಡಾಡುವ ಜಾಗ ಇತ್ತು. ಬಾಗಿಲು ತೆಗೆದರೆ 9 ಅಡಿ ಅಗಲ, 10 ಅಡಿ ಉದ್ದದ ಕೋಣೆ. ಟೇಪು ಹಿಡಿದು ನಾನೇ ಅಳೆದೆ. 6 ಅಡಿ ಅಗಲದ ಜೋಡಿ ಮಂಚ ಹಾಕಿ, 2 ಅಡಿ ಆಳದ ಕಪಾಟು ಇಟ್ಟರೆ ಉಳಿಯುವುದು ಒಂದೇ ಅಡಿ. ಕಪಾಟಿನ ಬಾಗಿಲು ಕೂಡ ಪೂರ್ತಿ ತೆರೆಯದು. ಅಮ್ಮ ಊರುಗೋಲು ಹಿಡಿದು ಅಲ್ಲಿ ನಡೆಯುವುದೆಲ್ಲಿ?

ಮನೆಗೆ ಬಂದವನೇ ಮೊಬೈಲಿನಲ್ಲಿ ಅದೇ ಚಿತ್ರವನ್ನು ಹಿಗ್ಗಿಸಿ ನೆಲದ ಟೈಲ್ಸ್ ಎಣಿಸಿದೆ. ಒಂದೊಂದೂ 2 ಅಡಿಯದು ಎಂದು ಅಲ್ಲೇ ಅಳೆದು ಬಂದಿದ್ದೆ. ಚಿತ್ರದ ಮಂಚ ಅಗಲಕ್ಕೆ ಎರಡು ಟೈಲ್ಸ್, ಉದ್ದಕ್ಕೆ ಎರಡೂವರೆ ಮಾತ್ರ ಹಿಡಿದಿದೆ. ಅಂದರೆ 4 ಅಡಿ ಅಗಲ, 5 ಅಡಿ ಉದ್ದ. ಬೆಳೆದವರು ಕಾಲು ಚಾಚಿ ಮಲಗಲಾಗದ ಮಂಚವನ್ನು ಜೋಡಿ ಮಂಚವೆಂದು ತೋರಿಸಿ ಕೋಣೆಯನ್ನು ದೊಡ್ಡದು ಮಾಡಿದ್ದಾರೆ. ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದ್ದರೂ ಮಂಚದ ನೆರಳು ಎಡಕ್ಕೇ ಬಿದ್ದಿದೆ. ಇದನ್ನು ಮೊದಲೇ ನೋಡಬಾರದಿತ್ತೇ ಎಂದು ತಮ್ಮ ಕೇಳಿದ. ಮನೆ ಹುಡುಕುವವರೆಲ್ಲ ಪತ್ತೇದಾರರಾಗಬೇಕೇ?

ಇದಕ್ಕಿಂತ ಕೆಟ್ಟದ್ದು ಗೋಡೆಯ ವಿಷಯ. ಕಿಟಕಿಯ ಕೆಳಗೆ ಎರಡು ಅಂಗೈಯಗಲ ತೇವ ಹತ್ತಿ ಬಣ್ಣ ಉಬ್ಬಿಕೊಂಡಿದೆ. ಬೆರಳು ತಾಗಿಸಿದರೆ ಪುಡಿ ಉದುರಿತು. ಚಿತ್ರದಲ್ಲಿ ಅದೇ ಜಾಗ ಹಾಲಿನಷ್ಟು ಬೆಳ್ಳಗಿದೆ.

ಸ್ಟುಡಿಯೊದಲ್ಲಿ ಹತ್ತು ವರ್ಷ ದುಡಿದವನು ನಾನು. ಚಿತ್ರವನ್ನು ತಿದ್ದಲೇಬಾರದು ಎಂದು ಹೇಳುವವನಲ್ಲ. ಕ್ಯಾಮೆರಾ ಕಣ್ಣಿನಂತೆ ನೋಡುವುದಿಲ್ಲ. ಕಿಟಕಿಗೆ ಬೆಳಕು ಹೊಂದಿಸಿದರೆ ಕೋಣೆ ಕಪ್ಪಾಗುತ್ತದೆ, ಕೋಣೆಗೆ ಹೊಂದಿಸಿದರೆ ಕಿಟಕಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಎರಡು ಚಿತ್ರ ತೆಗೆದು ಬೆಸೆಯುತ್ತೇವೆ, ಬಲ್ಬಿನ ಹಳದಿ ಛಾಯೆ ತೆಗೆಯುತ್ತೇವೆ, ವಾಲಿದಂತೆ ಕಾಣುವ ಗೋಡೆಯ ಗೆರೆಯನ್ನು ನೆಟ್ಟಗೆ ಮಾಡುತ್ತೇವೆ. ಅಲ್ಲಿ ನಿಂತವರಿಗೆ ಕಾಣುವುದೇ ಚಿತ್ರದಲ್ಲೂ ಕಾಣಲೆಂದು ಮಾಡುವ ಕೆಲಸ ಇದು. ತೇವದ ಕಲೆಯನ್ನು ಅಳಿಸುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮನೆಯ ಕೀಲಿ ಕೊಟ್ಟ ದಿನ ಆ ಕಲೆ ಅಲ್ಲೇ ಇರುತ್ತದೆ. ಮಂಚ, ಕುರ್ಚಿ ಸೇರಿಸುವುದಾದರೆ ಕೋಣೆಯನ್ನು ಅಳೆದು ನಿಜವಾದ ಅಳತೆಯಲ್ಲೇ ಸೇರಿಸಲಿ. ಸೇರಿಸಿದ್ದೇವೆ ಎಂಬ ಮಾತನ್ನು ಚಿತ್ರದ ಮೇಲೆಯೇ ಬರೆಯಲಿ, ಅದೇ ಕೋನದಿಂದ ತೆಗೆದ ಖಾಲಿ ಕೋಣೆಯ ಚಿತ್ರವನ್ನು ಪಕ್ಕದಲ್ಲಿಡಲಿ. ನಾನು ನೋಡಿದ ಜಾಹೀರಾತಿನ ಅಡಿಯಲ್ಲೆಲ್ಲೋ ಇರುವೆಯಂಥ ಅಕ್ಷರದಲ್ಲಿ ‘ಚಿತ್ರಗಳು ಸಾಂಕೇತಿಕ’ ಎಂದಿತ್ತು. ತಮ್ಮ ನನಗೆ ಕಳುಹಿಸಿದ್ದು ಚಿತ್ರವನ್ನು ಮಾತ್ರ. ಆ ಸಾಲು ಅಲ್ಲೇ ಉಳಿಯಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಬದಲಿಸಿದ ಚಿತ್ರವನ್ನು ಬದಲಿಸಿದ್ದೆಂದು ಹೇಳಿ ಮೂಲ ಚಿತ್ರವನ್ನೂ ತೋರಿಸಬೇಕೆಂಬ ಕಾನೂನು 2026ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಳಕು, ಬಣ್ಣ ಸರಿಪಡಿಸುವುದಕ್ಕೆ ಅಲ್ಲಿ ವಿನಾಯಿತಿಯೂ ಇದೆ. ನಮ್ಮ ಅಧಿಕಾರಿಗಳಿಗೆ ಇಷ್ಟು ತೋಚುವುದಿಲ್ಲವೇ? ಮೆಟ್ಟಿಲು, ಮೊಗಸಾಲೆಗಳನ್ನೆಲ್ಲ ಮನೆಯ ವಿಸ್ತೀರ್ಣಕ್ಕೆ ಸೇರಿಸಿ ಜಾಹೀರಾತು ಕೊಟ್ಟವರ ಮೇಲೆ ಹೋದ ವರ್ಷ ದೂರು ಕೊಟ್ಟಿದ್ದೆ. ಮೂರು ಮೇಜು ಸುತ್ತಿಸಿ, ಇನ್ನೊಂದು ಪ್ರತಿ ತನ್ನಿ ಎಂದು ವಾಪಸ್ ಕಳುಹಿಸಿದರು. ಎರಡನೆಯ ಪ್ರತಿ ಕೊಟ್ಟು ಬಂದದ್ದಕ್ಕೆ ಇವತ್ತಿಗೂ ಉತ್ತರವಿಲ್ಲ.

ಇಂಥ ಚಿತ್ರಗಳನ್ನು ಕೂಡಲೇ ತೆಗೆಸಬೇಕು, ಹಾಕಿದವರಿಗೆ ದಂಡವನ್ನೂ ಹಾಕಬೇಕು. ಅಷ್ಟಾಗದಿದ್ದರೆ ಅಧಿಕಾರಿಗಳು ಕುರ್ಚಿ ಬಿಟ್ಟೆದ್ದು, ಒಂದು ಟೇಪು ಹಿಡಿದು, ಆ ಮೂರು ಮಹಡಿ ಹತ್ತಿ ಬರಲಿ. ಅಮ್ಮನ ಮಂಡಿ ಇನ್ನೂ ಊದಿಕೊಂಡೇ ಇದೆ.

– ಮನೆ ಹುಡುಕುತ್ತಿರುವ ಓದುಗ