ಅಂಗನವಾಡಿ ಕಟ್ಟಡದ ಕಂಬಿ ಬಗ್ಗೆ ಪಂಚಾಯತ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ನಮಸ್ಕಾರ.

ನಾನು ಕುಂಬಳೆ, ಉಪ್ಪಳ ಕಡೆ ವೆಲ್ಡಿಂಗ್ ಕೆಲಸ ಮಾಡುವವನು. ಹೊಸ ಅಂಗನವಾಡಿಗೆ ಮಹಡಿ ಕಟ್ಟುತ್ತೀರಿ ಎಂದು ಕೇಳಿದೆ. ಎಸ್ಟಿಮೇಟ್ ಆಗುವ ಮೊದಲೇ ಮೆಟ್ಟಿಲು ಮತ್ತು ಬಾಲ್ಕನಿಯ ಕಂಬಿ ಬಗ್ಗೆ ಹೇಳಬೇಕು ಅನ್ನಿಸಿತು.

ಕಂಬಿ ಕೆಲಸಕ್ಕೆ ಹೆಚ್ಚಾಗಿ ಮೀಟರ್ ಲೆಕ್ಕದಲ್ಲಿ ದರ ಕೊಡುತ್ತಾರೆ. ಹಾಗೆ ಕೊಟ್ಟರೆ ಕಂಬಿ ಕಮ್ಮಿ ಹಾಕಿದಷ್ಟು ಕಾಂಟ್ರಾಕ್ಟರಿಗೆ ಲಾಭ. ಉದ್ದ ಅಷ್ಟೇ ಇರುತ್ತದೆ, ಸಂದು ಮಾತ್ರ ದೊಡ್ಡದಾಗುತ್ತದೆ. ಸಣ್ಣ ಮಕ್ಕಳಿಗೆ ಸಂದು 10 ಸೆಂಟಿಮೀಟರ್ ದಾಟಬಾರದು. ದಾಟಿದರೆ ಮಗುವಿನ ಮೈ ಮೊದಲು ತೂರಿಹೋಗುತ್ತದೆ, ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಕಾಲು ಮುಂದೆ ಮಾಡಿ ನುಸುಳಿದ ಮಗು ಕುತ್ತಿಗೆಯಲ್ಲಿ ನೇತಾಡಬಹುದು. ಇದು ನನಗೆ ತುಂಬಾ ಭಯ ಹುಟ್ಟಿಸುವ ವಿಷಯ.

ಲೆಕ್ಕ ನೋಡಿ. ಎರಡು ಕಂಬಗಳ ನಡುವೆ 120 ಸೆಂಟಿಮೀಟರ್ ಜಾಗ ಇದೆ ಎಂದುಕೊಳ್ಳಿ. ಒಂದು ಇಂಚಿನ, ಅಂದರೆ ಎರಡೂವರೆ ಸೆಂಟಿಮೀಟರಿನ ಚೌಕ ಪೈಪ್ 7 ಹಾಕಿದರೆ ಸಂದು ಸುಮಾರು 12.8 ಸೆಂಟಿಮೀಟರ್. 9 ಹಾಕಿದರೆ 9.75. ಬರೀ ಎರಡು ಪೈಪಿನ ವ್ಯತ್ಯಾಸ! ಹಾಗಾಗಿ ಎಸ್ಟಿಮೇಟಿನಲ್ಲಿ ಒಂದು ಪೈಪಿನ ಮಧ್ಯದಿಂದ ಪಕ್ಕದ ಪೈಪಿನ ಮಧ್ಯಕ್ಕೆ ಹಿಡಿಯುವ 'ಸೆಂಟರ್ ಟು ಸೆಂಟರ್' ಅಳತೆ ಬರೆಯದೆ, ಒಳಗಿನ ಖಾಲಿ ಜಾಗದ ಅಳತೆಯನ್ನೇ ಬರೆಸಿ. ತೆಳು ಸರಳು ಹಾಕಿದರೆ ಅದೇ ಸೆಂಟರಿಗೆ ಸಂದು ಜಾಸ್ತಿಯಾಗುತ್ತದೆ, ಅಲ್ವಾ? ಕೆಳಗಿನ ಅಡ್ಡಪಟ್ಟಿ ಮತ್ತು ನೆಲದ ನಡುವಿನ ಸಂದನ್ನೂ ಅಳೆಯಿರಿ. ಅದನ್ನು ಯಾರೂ ನೋಡುವುದಿಲ್ಲ.

ಅಡ್ಡಡ್ಡ ಪೈಪ್ ಬೇಡವೇ ಬೇಡ. ಸ್ಟೀಲಿನ ನಾಲ್ಕು ಅಡ್ಡ ಪೈಪ್ ನೋಡಲು ಚಂದ ಇರುತ್ತದೆ, ಆದರೆ ಮೂರು ವರ್ಷದ ಮಗುವಿಗೆ ಅದು ಏಣಿ. ಸಿಮೆಂಟಿನ ಹೂಜಿ ಆಕಾರದ ಕಂಬಗಳಾದರೆ ಅಗಲದ ಹೊಟ್ಟೆಯ ಹತ್ತಿರ ಅಳೆಯಬೇಡಿ. ಕತ್ತಿನ ಹತ್ತಿರ ಸಂದು ದೊಡ್ಡದಿರುತ್ತದೆ.

ಇನ್ನು ಯಾವ ಲೋಹ ಎಂಬುದು. ನಮ್ಮ ಕಡಲ ಕರೆಯಲ್ಲಿ ಉಪ್ಪುಗಾಳಿ. 304 ನಂಬರಿನ ಸ್ಟೀಲ್ ಕೂಡ ಕಂದು ಕಲೆ ಹಿಡಿಯುತ್ತದೆ, ಅದರ ಹೆಸರಿನಲ್ಲಿ ಬರುವ ಅಗ್ಗದ 202 ಇನ್ನೂ ಬೇಗ. ಅಯಸ್ಕಾಂತ ಹಿಡಿದು ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. 316 ಬಾಳುತ್ತದೆ, ಆದರೆ ದುಬಾರಿ. ಸಾದಾ ಕಬ್ಬಿಣ ಬುಡದಲ್ಲೇ ಮೊದಲು ಕೆಡುತ್ತದೆ. ಕಾಂಕ್ರೀಟಿಗೆ ಹೂತ ಜಾಗದಲ್ಲಿ ಮಳೆನೀರು ನಿಂತು, ಬಣ್ಣದ ಅಡಿಯಲ್ಲಿ ತುಕ್ಕು ತಿನ್ನುತ್ತದೆ. ಬುಡ ಬಿಟ್ಟ ಒಂದು ಸರಳು ಅಲುಗಾಡಿದರೆ ಮಗು ನುಸುಳುವಷ್ಟು ಜಾಗ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಸತುವಿನಲ್ಲಿ ಅದ್ದಿದ ಜಿಐ ಪೈಪ್ ಸಾಕು. ವೆಲ್ಡಿಂಗ್ ಮಾಡಿದಲ್ಲಿ ಸತು ಸುಟ್ಟುಹೋಗುತ್ತದೆ, ಅಲ್ಲಿ ಸತುವಿನ ಬಣ್ಣ ಹಚ್ಚಲೇಬೇಕು.

ಬಿಲ್ ಪಾಸ್ ಮಾಡುವ ಮೊದಲು ಓವರ್‌ಸಿಯರ್ ಕೈಯಲ್ಲಿ 10 ಸೆಂಟಿಮೀಟರ್ ಅಗಲದ ಒಂದು ಮರದ ತುಂಡು ಇರಲಿ. ಕಂಬಿಯುದ್ದಕ್ಕೂ ಹಿಡಿದು ನೋಡಲಿ. ಅದು ಎಲ್ಲಾದರೂ ತೂರಿದರೆ ಆ ಕೆಲಸದ ಬಿಲ್ ನಿಲ್ಲಿಸಿ, ಅಧ್ಯಕ್ಷರೇ.

ನಿಮ್ಮ ವಾರ್ಡಿನ ಒಬ್ಬ ವೆಲ್ಡರ್