ಕನ್ನಡದ ಹೆಸರಿನಲ್ಲಿ ಬಂದ ನೀರಿನ ಸಂದೇಶ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಎರಡನೇ ಹಂತದಲ್ಲಿ ನಲ್ಲಿ ನೀರು ನಿಂತುಹೋದ ದಿನದ ಗೊಂದಲದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ‘ಎಲ್ಲ ಗ್ರಾಹಕರಿಗೂ ಮುಂಚಿತವಾಗಿ ಕನ್ನಡದಲ್ಲಿಯೇ ಸಂದೇಶ ಕಳುಹಿಸಲಾಗಿತ್ತು’ ಎಂದು ಅಧಿಕಾರಿಗಳು ಕೊಟ್ಟಿರುವ ಸಮಜಾಯಿಷಿಯನ್ನು ಓದಿದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಸಂದೇಶ ಬಂದದ್ದು ನಿಜ. ಅದು ಕನ್ನಡದ ಅಕ್ಷರಗಳಲ್ಲಿ ಇದ್ದದ್ದೂ ನಿಜ. ಆ ಅಕ್ಷರಗಳು ಏನು ಹೇಳುತ್ತಿದ್ದವು ಎಂಬುದನ್ನು ವರದಿಯಲ್ಲಿ ಅಚ್ಚು ಮಾಡದ ಕಾರಣ ನಾನೇ ಇಲ್ಲಿ ಅದನ್ನು ಇದ್ದಂತೆಯೇ ನಕಲು ಮಾಡಿ ಕೊಡುತ್ತಿದ್ದೇನೆ.

‘ಪ್ರಿಯ ಗ್ರಾಹಕ, ಫೀಡರ್ ಮುಖ್ಯದ ಮೇಲೆ ಕೆಲಸದ ಕಾರಣದಿಂದಾಗಿ 2ನೇ ವೇದಿಕೆ 3ನೇ ಶಿಲುಬೆಯಿಂದ 9ನೇ ಶಿಲುಬೆಗೆ ನೀರು ಸರಬರಾಜು 10:00 ರಂದು 17:00 ರಿಂದ 19-06 ವರೆಗೆ ಲಭ್ಯವಿರುವುದಿಲ್ಲ. ಸಾಕಷ್ಟು ನೀರು ಅಂಗಡಿ. 1,284 ರೊಳಗೆ ರೂ. 30-06 ಅತ್ಯುತ್ತಮ ಮಸೂದೆಯನ್ನು ತೆರವುಗೊಳಿಸಿ.’

ಇದು ನನ್ನ ಮೊಬೈಲಿಗೆ ಬಂದದ್ದು ಹದಿನಾರನೇ ತಾರೀಖಿನ ಮಧ್ಯಾಹ್ನ. ವೇದಿಕೆ, ಶಿಲುಬೆ, ಅಂಗಡಿಗಳನ್ನೆಲ್ಲ ದಾಟಿ ಇದರಲ್ಲಿ ಒಂದಿಷ್ಟು ಅರ್ಥ ಹುಡುಕಿದರೆ ಕಣ್ಣಿಗೆ ಸಿಗುವುದು ‘17:00 ರಿಂದ 19-06 ವರೆಗೆ’ ಎಂಬ ಮಾತೊಂದೇ. ಅಂದರೆ ಅಂದು ಸಂಜೆ ಐದರಿಂದ ಹತ್ತೊಂಬತ್ತರವರೆಗೆ ನೀರಿಲ್ಲ ಎಂದು ನಮ್ಮ ರಸ್ತೆಯವರೆಲ್ಲರೂ ತಿಳಿದರು. ಟ್ಯಾಂಕರಿನವರಿಗೆ ಹಬ್ಬವಾಯಿತು, ಅವರು ಕೇಳಿದಷ್ಟು ಕೊಟ್ಟು ನೀರು ತುಂಬಿಸಿಕೊಂಡೆವು. ಆದರೆ ಆ ಮೂರೂ ದಿನ ನಲ್ಲಿಯಲ್ಲಿ ಎಂದಿನಂತೆ ನೀರು ಬಂದಿತು, ಕೊಂಡ ನೀರು ಸಂಪಿನ ಬಾಯಿ ಮೀರಿ ಚರಂಡಿ ಸೇರಿತು. ಹತ್ತೊಂಬತ್ತರ ಶುಕ್ರವಾರ ನಮ್ಮ ತಂದೆಯವರ ವಾರ್ಷಿಕ ಶ್ರಾದ್ಧವಿತ್ತು. ದುರಸ್ತಿ ಮುಗಿದು ಹೊಸ ನೀರು ಬರುವುದೆಂದು ನಂಬಿ ಬೆಳಿಗ್ಗೆ ಬೇಗನೆ ಸಂಪನ್ನು ಖಾಲಿ ಮಾಡಿಸಿ ತೊಳೆಸಿದ್ದೆ. ಸರಿಯಾಗಿ ಹತ್ತು ಗಂಟೆಗೆ ನಲ್ಲಿ ನಿಂತಿತು. ಪುರೋಹಿತರು ಬಂದು ಕುಳಿತಿದ್ದಾರೆ, ಒಲೆಯ ಮೇಲೆ ಅಡಿಗೆಯಿದೆ, ಊರಿನಿಂದ ಬಂದ ಹಿರಿಯರು ಕೈಕಾಲು ತೊಳೆಯಲು ನೀರು ಕೇಳುತ್ತಿದ್ದಾರೆ. ನಾನು ಪಕ್ಕದ ಬಡಾವಣೆಯಿಂದ ಕೊಡಗಳಲ್ಲಿ ನೀರು ಹೊರಿಸುತ್ತಿದ್ದೇನೆ. ಇಂತಹ ಸೌಲಭ್ಯಕ್ಕೆ ‘ಮುಂಚಿತ ಮಾಹಿತಿ’ ಎಂದು ಹೆಸರು.

ಮಹಡಿಯ ಮೇಲಿನ ಬಾಡಿಗೆದಾರರು ಇಂಗ್ಲಿಷ್ ಭಾಷೆಯನ್ನು ಆರಿಸಿಕೊಂಡಿದ್ದರಿಂದ ಅವರಿಗೆ ಅದೇ ಸಂದೇಶ ಇಂಗ್ಲಿಷಿನಲ್ಲಿ ಬಂದಿತ್ತು. ಅದರಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇದೆ: ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಹತ್ತೊಂಬತ್ತನೇ ತಾರೀಖು. ಸಗಟು ಎಸ್ಸೆಮ್ಮೆಸ್ ಕಳುಹಿಸುವ ಕೆಲಸದಲ್ಲಿರುವ ನನ್ನ ತಂಗಿಯ ಮಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಏನಾಗಿದೆ ಎಂಬುದನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ವಿವರಿಸಿದ. ಇಂತಹ ಸಂದೇಶಗಳಿಗೆ ಮೊದಲೇ ಒಂದು ಮಾದರಿ ಪಠ್ಯವಿರುತ್ತದೆ; ಅದರಲ್ಲಿ ಸಮಯ, ತಾರೀಖು, ಹಣದ ಮೊತ್ತ ಬರಬೇಕಾದ ಕಡೆಯೆಲ್ಲ ಒಂದು ಗುರುತನ್ನು ಹಾಕಿ ಜಾಗ ಬಿಟ್ಟಿರುತ್ತಾರೆ. ಯಾವ ಖಾಲಿ ಜಾಗ ತಾರೀಖಿಗೆ, ಯಾವುದು ಸಮಯಕ್ಕೆ ಎಂದು ಆ ಗುರುತು ಹೇಳುವುದಿಲ್ಲ. ಕಳುಹಿಸುವ ಯಂತ್ರವು ಮೊದಲನೆಯ ಜಾಗಕ್ಕೆ ಮೊದಲನೆಯದನ್ನು, ಎರಡನೆಯದಕ್ಕೆ ಎರಡನೆಯದನ್ನು ತುಂಬುತ್ತಾ ಹೋಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಆರಂಭದ ಸಮಯ, ಮುಗಿಯುವ ಸಮಯ, ಕೊನೆಗೆ ತಾರೀಖು ಎಂಬ ಅನುಕ್ರಮವಿತ್ತು. ಕನ್ನಡದ ವಾಕ್ಯ ತಾರೀಖಿನಿಂದ ಆರಂಭವಾಗುವುದು ಸಹಜವಾದ್ದರಿಂದ ಅನುವಾದದ ಯಂತ್ರವು ‘ರಂದು’ ಎಂಬುದನ್ನು ಮುಂದಕ್ಕೆ ತಂದಿತು. ವ್ಯಾಕರಣದ ಮಟ್ಟಿಗೆ ಅದು ಮಾಡಿದ್ದು ಸರಿಯೇ. ಆದರೆ ತುಂಬುವ ಯಂತ್ರಕ್ಕೆ ಈ ಬದಲಾವಣೆಯನ್ನು ತಿಳಿಸಿದವರು ಯಾರೂ ಇಲ್ಲ. ತಾರೀಖಿನ ಜಾಗದಲ್ಲಿ 10:00 ಬಂದು ಕುಳಿತಿತು, ‘ವರೆಗೆ’ಯ ಹಿಂದೆ 19-06 ಬಂದು ನಿಂತಿತು. ಬಾಕಿಯ ವಾಕ್ಯದಲ್ಲಿ ಹಣವೂ ಗಡುವೂ ಅದಲುಬದಲಾದದ್ದು ಇದೇ ರೀತಿಯಲ್ಲಿ.

ಆದ್ದರಿಂದ ಶಿಲುಬೆಯನ್ನು ಅಡ್ಡರಸ್ತೆ ಎಂದು, ವೇದಿಕೆಯನ್ನು ಹಂತ ಎಂದು ತಿದ್ದಿಬಿಟ್ಟರೆ ಈ ಸಂದೇಶ ಸರಿಹೋಗುವುದಿಲ್ಲ ಎಂಬುದನ್ನು ಸಂಬಂಧಪಟ್ಟವರು ಗಮನಿಸಬೇಕು. ನಗು ಬರಿಸುವ ಪದಗಳಿಂದ ನಮಗೆ ಅಷ್ಟೇನೂ ನಷ್ಟವಾಗಲಿಲ್ಲ, ಅವುಗಳ ತಪ್ಪು ಎಂತಹವನಿಗೂ ಕಾಣಿಸುತ್ತದೆ. ನಷ್ಟ ಮಾಡಿದ್ದು ಸರಿಯಾಗಿಯೇ ಇರುವಂತೆ ಕಂಡ ಆ ಅಂಕಿಗಳು.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ವಯಸ್ಸು ಕಳೆದವನು. ಕೆಟ್ಟ ವಾಕ್ಯವನ್ನು ಅದರೊಳಗೇ ಕುಳಿತು ತಿದ್ದಲು ಹೋಗಬಾರದು, ಮೂಲಕ್ಕೆ ಹಿಂದಿರುಗಿ ಯಾವತ್ತು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಬೀದಿಗೆ, ಓದಿದವನು ಏನು ಮಾಡಬೇಕು ಎಂಬಿಷ್ಟನ್ನು ಬೇರೆ ಬರೆದುಕೊಂಡು, ಆಮೇಲೆ ಅದನ್ನು ಎದುರಿಗೆ ನಿಂತವರಿಗೆ ಹೇಳುವ ಹಾಗೆ ಹೊಸದಾಗಿ ಬರೆಯಬೇಕು. ಮೂಲ ಸಿಗದಿದ್ದರೆ ತಪ್ಪು ಪದದ ಬೆನ್ನು ಹಿಡಿದು ಹಿಂದಕ್ಕೆ ಹೋಗಬೇಕಾಗುತ್ತದೆ: ‘ಅತ್ಯುತ್ತಮ’ದ ಹಿಂದೆ ‘ಔಟ್‌ಸ್ಟ್ಯಾಂಡಿಂಗ್’, ‘ಮಸೂದೆ’ಯ ಹಿಂದೆ ‘ಬಿಲ್’, ‘ಅಂಗಡಿ’ಯ ಹಿಂದೆ ‘ಸ್ಟೋರ್’ ಇದ್ದದ್ದು ಆಗ ತಿಳಿಯುತ್ತದೆ. ಹಾಗೆ ಬರೆದು ನೋಡಿದಾಗ ನನಗೆ ಬಂದದ್ದು ಇದು:

‘19-06 ಶುಕ್ರವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ 2ನೇ ಹಂತದ 3ರಿಂದ 9ನೇ ಅಡ್ಡರಸ್ತೆಗಳಿಗೆ ನೀರು ಬಿಡುವುದಿಲ್ಲ. ದೊಡ್ಡ ಪೈಪಿನ ದುರಸ್ತಿ ಇದೆ. ನೀರು ಹಿಡಿದಿಟ್ಟುಕೊಳ್ಳಿ.’

ನಮ್ಮಲ್ಲಿ ನೀರು ‘ಲಭ್ಯವಿರುವುದಿಲ್ಲ’ ಎಂದು ಯಾರೂ ಹೇಳುವುದಿಲ್ಲ. ನೀರು ಬಿಡುತ್ತಾರೆ, ಇಲ್ಲವೇ ಬಿಡುವುದಿಲ್ಲ. ನೀರನ್ನು ಹಿಡಿದಿಡುತ್ತೇವೆ. ಬಿಲ್ಲನ್ನು ಕಟ್ಟುತ್ತೇವೆಯೇ ಹೊರತು ತೆರವುಗೊಳಿಸುವುದಿಲ್ಲ, ತೆರವುಗೊಳಿಸುವುದು ಒತ್ತುವರಿಯನ್ನು. (ಅದನ್ನೂ ಇವರು ಮಾಡಿದ್ದನ್ನು ನಮ್ಮ ಬಡಾವಣೆಯವರು ಕಂಡಿಲ್ಲ.) ಬಾಕಿಯ ವಿಷಯವನ್ನು ಈ ಸಂದೇಶದೊಳಗೆ ತುರುಕುವ ಅಗತ್ಯವೇ ಇರಲಿಲ್ಲ. ಹೇಳಲೇಬೇಕಿದ್ದರೆ ‘ಬಾಕಿ ರೂ. 1,284. 30-06ರೊಳಗೆ ಕಟ್ಟಿ’ ಎಂದು ಬೇರೆಯಾಗಿ ಕಳುಹಿಸಬಹುದಿತ್ತು. ಹಾಗೆ ಬರೆದರೆ ಹಣ ಮೊದಲು, ಗಡುವು ನಂತರ ಎಂಬ ಇಂಗ್ಲಿಷಿನ ಅನುಕ್ರಮವೂ ಕೆಡುವುದಿಲ್ಲ. ನೀರಿನ ಸಂದೇಶದಲ್ಲಿ ಮಾತ್ರ ತಾರೀಖು ಮುಂದೆ ಬರುವುದರಿಂದ, ತುಂಬುವ ಪಟ್ಟಿಯಲ್ಲಿಯೂ ತಾರೀಖಿನ ಕಾಲಮನ್ನು ಮುಂದಕ್ಕೆ ತರಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಅಂಕಿಗೆ ‘ರಿಂದ’ ನೇರವಾಗಿ ಹೊಂದುತ್ತದೆ, ಆದರೆ ಖಾಲಿ ಜಾಗಕ್ಕೆ ಯಾರಾದರೂ ‘10 ಗಂಟೆ’ ಎಂದು ತುಂಬಿದರೆ ಅದು ‘10 ಗಂಟೆರಿಂದ’ ಎಂದಾಗುತ್ತದೆ. ಜಾಗದಲ್ಲಿ ಏನು ಬರುತ್ತದೆ ಎಂಬುದು ನಿಶ್ಚಯವಿಲ್ಲದಿದ್ದರೆ ವಿಭಕ್ತಿಯನ್ನೇ ಬಿಟ್ಟು ‘ದಿನ:’, ‘ಆರಂಭ:’, ‘ಮುಕ್ತಾಯ:’ ಎಂದು ಬರೆದು ಮುಂದೆ ಜಾಗ ಬಿಡುವುದು ಸುರಕ್ಷಿತ. ಅಷ್ಟು ಸೊಗಸಾಗಿ ಕಾಣಿಸದಿದ್ದರೂ ತಪ್ಪು ಜಾಗದಲ್ಲಿ ತಾರೀಖು ಕುಳಿತಾಗ ಕೂಡಲೇ ಗೊತ್ತಾಗುತ್ತದೆ.

ಉದ್ದದ ನೆಪವನ್ನೂ ಇವರು ಹೇಳಬಹುದು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳವರೆಗೆ ಹಿಡಿಸಿದರೆ ಕನ್ನಡಕ್ಕೆ ಸಿಗುವುದು 70 ಮಾತ್ರ, ಅದನ್ನು ಮೀರಿದರೆ ತುಂಡಿಗೆ 67ರಂತೆ ಲೆಕ್ಕ. ಈ ಲೆಕ್ಕದಲ್ಲಿ ಒತ್ತು, ಗುಣಿತದ ಗುರುತುಗಳೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ಕಣ್ಣಿಗೆ ಏಳೇ ಅಕ್ಷರವಾಗಿ ಕಾಣುವ ‘ಅಡ್ಡರಸ್ತೆಗಳಿಗೆ’ ಎಂಬುದು ಯಂತ್ರಕ್ಕೆ ಹದಿನಾಲ್ಕು. ಮೇಲಿನ ನನ್ನ ಸಂದೇಶ 143 ಆಗುತ್ತದೆ, ಅಂದರೆ ಮೂರು ತುಂಡು. ಪೈಪಿನ ದುರಸ್ತಿಯ ವಾಕ್ಯವನ್ನು ತೆಗೆದರೆ 118ಕ್ಕೆ ಇಳಿದು ಎರಡೇ ತುಂಡಿನಲ್ಲಿ ಮುಗಿಯುತ್ತದೆ. ಇವರು ಕಳುಹಿಸಿದ ಪಾಂಡಿತ್ಯಕ್ಕೆ ಅದಕ್ಕಿಂತ ಹೆಚ್ಚು ತುಂಡುಗಳು ಖರ್ಚಾಗಿವೆ, ಆ ದುಡ್ಡೂ ನಮ್ಮದೇ.

ಕಚೇರಿಗೆ ಹೋಗಿ ಇದನ್ನೆಲ್ಲ ಹೇಳಿದಾಗ ದೊರೆತ ಉತ್ತರ, ‘ಟೆಂಪ್ಲೇಟ್ ಅಪ್ರೂವ್ ಆಗಿದೆ ಸರ್, ಈಗ ಏನೂ ಮಾಡಲಿಕ್ಕೆ ಬರುವುದಿಲ್ಲ.’ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಇಂತಹ ಸಂದೇಶಗಳ ಪಠ್ಯವನ್ನು ಮೊದಲೇ ನೋಂದಾಯಿಸಬೇಕು, ನೋಂದಾಯಿಸಿದ ಪಠ್ಯಕ್ಕಿಂತ ಬೇರೆಯಾದದ್ದು ಹೋಗುವುದಿಲ್ಲ ಎಂಬುದು ನಿಜ. ಆದರೆ ಆ ನಿಯಮವಿರುವುದು ಅನಗತ್ಯ ಸಂದೇಶಗಳ ಹಾವಳಿಯನ್ನು ತಡೆಯಲು, ತಪ್ಪು ಕನ್ನಡವನ್ನು ಕಾಪಾಡಲು ಅಲ್ಲ. ತಿದ್ದಿದ ಪಠ್ಯವನ್ನು ಹೊಸದಾಗಿ ನೋಂದಾಯಿಸುವುದನ್ನು ಯಾರೂ ತಡೆದಿಲ್ಲ. ನೋಂದಾಯಿಸುವುದಕ್ಕೆ ಮೊದಲು ಖಾಲಿ ಜಾಗಗಳಲ್ಲಿ ನಿಜವಾದ ತಾರೀಖು, ಸಮಯಗಳನ್ನು ತುಂಬಿ, ಇಂಗ್ಲಿಷನ್ನು ನೋಡಿರದ ಒಬ್ಬರಿಗೆ, ಅದೇ ಕಚೇರಿಯ ವಾಲ್ವ್‌ಮನ್‌ಗೇ ಆಗಲಿ, ಗಟ್ಟಿಯಾಗಿ ಓದಿ ‘ಯಾವತ್ತು ನೀರಿಲ್ಲ?’ ಎಂದು ಕೇಳಿದ್ದರೆ ಸಾಕಿತ್ತು. ಯಂತ್ರದ ಅನುವಾದವನ್ನು ನಂಬಿ ಕೈಬಿಟ್ಟರೆ ಏನಾಗುತ್ತದೆ ಎಂಬುದು 2025ರ ಜುಲೈನಲ್ಲಿಯೇ ಇಡೀ ರಾಜ್ಯಕ್ಕೆ ತಿಳಿದಿತ್ತು. ನಿಧನರಾದ ಹಿರಿಯ ನಟಿ ಬಿ. ಸರೋಜಾದೇವಿಯವರಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದರೆಂದು ಅವರ ಕಚೇರಿಯು ಕನ್ನಡದಲ್ಲಿ ಹಾಕಿದ್ದ ಬರಹವನ್ನು ಫೇಸ್‌ಬುಕ್ಕಿನ ಯಂತ್ರವು, ತೀರಿಕೊಂಡವರು ಮುಖ್ಯಮಂತ್ರಿಯವರೇ ಎಂಬಂತೆ ಇಂಗ್ಲಿಷಿಗೆ ತಿರುಗಿಸಿತ್ತು. ಆಗ ಮುಖ್ಯಮಂತ್ರಿಯವರ ಕಡೆಯಿಂದ ಪತ್ರ ಹೋಯಿತು, ಫೇಸ್‌ಬುಕ್ಕಿನ ಒಡೆತನದ ಮೆಟಾ ಸಂಸ್ಥೆ ಕ್ಷಮೆಯನ್ನೂ ಕೇಳಿತು. ನಮ್ಮ ಕಚೇರಿಯಿಂದ ಕ್ಷಮೆ ಕೇಳಿಸಿಕೊಳ್ಳಲು ನಾವೂ ಮುಖ್ಯಮಂತ್ರಿಗಳಾಗಬೇಕೋ ಏನೋ ತಿಳಿಯದು.

ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿದ ಅಧಿನಿಯಮ 1963ರದು. ಅಲ್ಲಿಂದೀಚೆಗೆ ಈ ಕಚೇರಿಗಳ ಕನ್ನಡವನ್ನು ನೋಡುತ್ತಲೇ ಬಂದಿದ್ದೇವೆ. ಹಿಂದೆ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗುತ್ತಿದ್ದ ನೋಟಿಸುಗಳು ಎಷ್ಟೇ ಬಿಗಿಯಾಗಿದ್ದರೂ ತಾರೀಖು ತಪ್ಪುತ್ತಿರಲಿಲ್ಲ, ಏಕೆಂದರೆ ಅವನ್ನು ಬರೆದ ಗುಮಾಸ್ತರ ಸಹಿ ಕೆಳಗೆ ಇರುತ್ತಿತ್ತು. ಈಗ ಸಹಿಯೂ ಇಲ್ಲ, ಬರೆದವರೂ ಇಲ್ಲ. ಅಗೆದ ರಸ್ತೆಯನ್ನು ಮುಚ್ಚದಿದ್ದರೆ ಗುತ್ತಿಗೆದಾರನ ಕಡೆಗೆ, ಮೀಟರ್ ಓಡದಿದ್ದರೆ ಕಂಪನಿಯ ಕಡೆಗೆ ಕೈ ತೋರಿಸುತ್ತಿದ್ದವರಿಗೆ ಈಗ ಕೈ ತೋರಿಸಲು ಸಾಫ್ಟ್‌ವೇರ್ ಒಂದು ಸಿಕ್ಕಿದೆ. ದೂರು ಕೊಡಲು ಕರೆ ಮಾಡಿದರೆ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುತ್ತಾರೆ, ಒತ್ತಿದ ಮೇಲೆ ಹಿಂದಿಯಲ್ಲಿ ಮಾತನಾಡುತ್ತಾರೆ.

ಆದ್ದರಿಂದ ಸಂಬಂಧಪಟ್ಟ ಮೇಲಧಿಕಾರಿಗಳು ಈ ಮಾದರಿ ಪಠ್ಯಗಳನ್ನೆಲ್ಲ ಕೂಡಲೇ ರದ್ದುಪಡಿಸಿ, ಕನ್ನಡ ಬಲ್ಲ ಒಬ್ಬರಿಂದ ಹೊಸದಾಗಿ ಬರೆಸಬೇಕು. ಅದು ಆಗುವವರೆಗೆ ಇಂಗ್ಲಿಷಿನ ಸಂದೇಶವನ್ನೇ ನಮಗೂ ಕಳುಹಿಸಲಿ, ಮಹಡಿಯ ಬಾಡಿಗೆದಾರರಿಂದ ಓದಿಸಿಕೊಳ್ಳುತ್ತೇವೆ. ಹಾಗೆಂದು ಇಂಗ್ಲಿಷಿನಲ್ಲಿಯೇ ಕಳುಹಿಸಿ ಕೈತೊಳೆದುಕೊಳ್ಳುವುದಕ್ಕೂ ನಾವು ಬಿಡುವುದಿಲ್ಲ, ಕನ್ನಡದಲ್ಲಿಯೇ ಬರಬೇಕು. ಟ್ಯಾಂಕರಿಗೆ ತೆತ್ತ ಹಣವನ್ನು ಕೊಡುವವರು ಯಾರು ಎಂಬುದನ್ನೂ ಅವರು ತಿಳಿಸಲಿ. ಅಷ್ಟರಲ್ಲಿ ‘1,284 ರೊಳಗೆ’ ಮೂವತ್ತು ರೂಪಾಯಿ ಆರು ಪೈಸೆಯನ್ನು ಕಟ್ಟಲು ನಾನು ಸಿದ್ಧನಿದ್ದೇನೆ. ಸಂದೇಶದಲ್ಲಿ ಹೇಳಿರುವುದು ಅಷ್ಟೇ, ಹೆಚ್ಚಿಗೆ ಕೇಳುವ ಹಕ್ಕು ಅವರಿಗಿಲ್ಲ.

ಇತಿ,
ಓರ್ವ ನೊಂದ ಗ್ರಾಹಕ
2ನೇ ಹಂತ, 6ನೇ ಅಡ್ಡರಸ್ತೆ