ಕೂದಲಿನ ಮಾತ್ರೆಯೂ ಥೈರಾಯ್ಡ್ ರಿಪೋರ್ಟೂ

ಮಾನ್ಯರೇ,

ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿಸಬಹುದು. ಇದು ಹೆಚ್ಚಿನವರಿಗೆ ಗೊತ್ತಿಲ್ಲ.

ನನ್ನ ತಂಗಿಯ ಟಿಎಸ್‌ಎಚ್ ಈಚೆಗೆ 0.05ಕ್ಕೆ ಇಳಿದಿತ್ತು, ಫ್ರೀ ಟಿ4 ಜಾಸ್ತಿ ಇತ್ತು; ಅಂದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂಬ ಸೂಚನೆ. ಆದರೆ ಎದೆ ಜೋರಾಗಿ ಬಡಿದುಕೊಳ್ಳುತ್ತಿರಲಿಲ್ಲ, ಕೈ ನಡುಕವಿಲ್ಲ, ತೂಕವೂ ಇಳಿದಿರಲಿಲ್ಲ. ವೈದ್ಯರು ಮದ್ದು ಬರೆಯುವ ಮೊದಲು, ‘ಬೇರೆ ಏನಾದರೂ ಮಾತ್ರೆ ತಗೋತೀರಾ?’ ಎಂದು ಕೇಳಿದರು. ಅವಳು ದಿನಾ 10 ಮಿಲಿಗ್ರಾಂ ಬಯೋಟಿನ್ ನುಂಗುತ್ತಿದ್ದಳು. ದೇಹಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ ಮಾತ್ರ! ಮಾತ್ರೆ ನಿಲ್ಲಿಸಿ ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಎರಡೂ ಸರಿಯಾಗಿದ್ದವು.

ಹಲವು ಯಂತ್ರಗಳಲ್ಲಿ ಪರೀಕ್ಷೆ ನಡೆಯುವುದೇ ಬಯೋಟಿನ್‌ನ ಅಂಟಿಕೊಳ್ಳುವ ಗುಣದ ಮೇಲೆ. ರಕ್ತದಲ್ಲಿರುವ ಹೆಚ್ಚುವರಿ ಬಯೋಟಿನ್ ಅಂಟುವ ಜಾಗವನ್ನು ಹಿಡಿದುಕೊಂಡರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಕಾಣುತ್ತದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕೂಡ ಕಡಿಮೆ ಕಾಣಬಹುದು. ಅದಂತೂ ನಿಜಕ್ಕೂ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ರಕ್ತ ತೆಗೆಯುವ ಮುನ್ನ ‘ಊಟ ಆಗಿದೆಯಾ?’ ಎಂದು ಕೇಳುತ್ತಾರಲ್ವಾ? ಜೊತೆಗೆ ‘ಕೂದಲು, ಉಗುರಿಗೆ ಮಾತ್ರೆ ತಗೋತೀರಾ?’ ಎಂದೂ ಕೇಳಿ, ಉತ್ತರವನ್ನು ಲ್ಯಾಬ್‌ನವರು ರಿಪೋರ್ಟಿನಲ್ಲೇ ನಮೂದಿಸಲಿ.

– ಓದುಗಳು, ಮೈಸೂರು